ಅವ್ವನ ಕಿರುಬೆರಳು ಮತ್ತು ಕಟಿಂಗ್ ಗೆರೆ

ಹಿರೇಕೆರೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಪಂಕ್ಚರ್ ಅಂಗಡಿಗೂ ಕಬ್ಬಿನ ಹಾಲಿನ ಗಾಣಕ್ಕೂ ನಡುವೆ, ನಾನು ಕೆಲಸ ಮಾಡುವ ಸ್ಟಿಕರ್ ಅಂಗಡಿಯಿದೆ. ಬೋರ್ಡಿನ ಮೇಲೆ ದೊಡ್ಡ ಹೆಸರೇನೋ ಬರೆದಿದ್ದೇವೆ, ಆದರೆ ಜನ ಅದನ್ನು ಕರೆಯುವುದು ರೇಡಿಯಂ ಅಂಗಡಿ ಎಂದೇ. ಬೈಕಿನ ನಂಬರ್ ಪ್ಲೇಟು, ದೀಪಾವಳಿ ಹತ್ತಿರವಾದಂತೆ ಹೋರಿ ಬೆದರಿಸುವ ಸ್ಪರ್ಧೆಗೆ ಓಡುವ ಹೋರಿಗಳ ಚಿತ್ರ, ಟ್ರ್ಯಾಕ್ಟರಿನ ಹಿಂದೆ ಅಂಟಿಸಲು ‘ಅವ್ವನ ಆಶೀರ್ವಾದ’, ಇವೇ ನಮ್ಮ ದಿನದ ಕೆಲಸ. ಅವ್ವನ ಆಶೀರ್ವಾದವನ್ನಂತೂ ಎಷ್ಟು ಸಲ ಕತ್ತರಿಸಿದ್ದೇನೋ ಲೆಕ್ಕವಿಲ್ಲ. ಹಳದಿಯಲ್ಲಿ, ಕೆಂಪಿನಲ್ಲಿ, ಮಿಂಚುವ ಬೆಳ್ಳಿ ಬಣ್ಣದಲ್ಲಿ. ತಾಲೂಕಿನ ಅರ್ಧ ಗಾಡಿಗಳ ಹಿಂದೆ ಯಾರ‍್ಯಾರದೋ ಅವ್ವಂದಿರು ಓಡಾಡುತ್ತಿರುವಾಗ ನನ್ನ ಅವ್ವ ಮಾತ್ರ ಎಲ್ಲಿಯೂ ಇರಲಿಲ್ಲ.

ಈಗ ಇದ್ದಾಳೆ. ಹಾನಗಲ್ಲಿನ ಕಿರಾಣಿ ಅಂಗಡಿಗಳಲ್ಲಿ, ಶಿಗ್ಗಾವಿಯ ಬಸ್ ಸ್ಟ್ಯಾಂಡಿನ ಎದುರು, ಸವಣೂರಿನಲ್ಲಿ ಎಲೆ ಮಾರುವವರ ಪಕ್ಕದ ಅಂಗಡಿಯಲ್ಲಿ. ಅಂಗೈಯಷ್ಟು ಎತ್ತರದ ಕಪ್ಪು ಸ್ಟಿಕರಿನಲ್ಲಿ ರೊಟ್ಟಿ ಬಡಿಯುತ್ತ ಕುಳಿತಿದ್ದಾಳೆ. ಆ ಅಂಚನ್ನು ಎಳೆದವಳು ನಾನು. ಈ ಮಾತನ್ನು ಹೇಳುವಾಗ ನನಗೆ ಜಂಬ ಬರುತ್ತದೆ, ಬರಲಿ ಬಿಡಿ.

ನಮ್ಮೂರು ಹಂಸಭಾವಿಯ ಹತ್ತಿರ. ನಮ್ಮ ಮನೆ ಕೇರಿಯಲ್ಲಿದೆ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವ್ವನ ರೊಟ್ಟಿ ಬುಟ್ಟಿ. ಅವ್ವನ ಬಲಗೈಯ ಕಿರುಬೆರಳು ಮಡಚುವುದಿಲ್ಲ. ಮದುವೆಯಾದ ಹೊಸತರಲ್ಲಿ ಜೋಳ ಕೊಯ್ಯುವಾಗ ಕುಡಗೋಲು ತಗುಲಿ ನರ ಕಡಿದುಹೋಯಿತಂತೆ. ಗಾಯ ಮಾಯಿತು, ಬೆರಳು ಮಾತ್ರ ಕೋಲಿನಂತೆ ನೆಟ್ಟಗೆ ನಿಂತಿತು. ರೊಟ್ಟಿ ಬಡಿಯುವಾಗ ನಾಲ್ಕು ಬೆರಳು ಹಿಟ್ಟಿನ ಮೇಲೆ, ಇದೊಂದು ಗಾಳಿಯಲ್ಲಿ. ನಾಲ್ಕು ಜನರ ಮುಂದೆ ಬಂದರೆ ಸಾಕು, ಆ ಕೈ ತಾನಾಗಿಯೇ ಸೆರಗಿನೊಳಗೆ ಹೋಗುತ್ತಿತ್ತು. ಇನ್ನೊಂದು ಅಭ್ಯಾಸವೂ ಇತ್ತು. ಬಸ್ಸಿನಲ್ಲೋ ಸಂತೆಯಲ್ಲೋ ಯಾರಾದರೂ ‘ನೀವು ಯಾರ ಪೈಕಿ’ ಎಂದು ಕೇಳಿದರೆ ಅವ್ವ ‘ಹಂಸಭಾವಿ ಕಡೇರು’ ಎಂದು ಹೇಳಿ ಕಿಟಕಿಯ ಆಚೆ ನೋಡುತ್ತಿದ್ದಳು. ಕೇಳಿದವರು ಊರನ್ನು ಕೇಳಿರುವುದಿಲ್ಲ ಎಂಬುದು ಅವಳಿಗೂ ಗೊತ್ತು, ಅವರಿಗೂ ಗೊತ್ತು.

ಊರಿನಲ್ಲಿ ಹೆಂಗಸರ ಒಂದು ಸಂಘವಿದೆ. ಖಡಕ್ ರೊಟ್ಟಿ ಮಾಡಿ, ಒಣಗಿಸಿ, ಪಾಕೀಟು ಹಾಕಿ ಸುತ್ತಲಿನ ಪೇಟೆಗಳಿಗೆ ಕಳಿಸುತ್ತಾರೆ. ಗೌಡರ ಮನೆಯ ಹಿರಿಯ ಸೊಸೆ ಅದರ ಅಧ್ಯಕ್ಷೆ. ನಾವೆಲ್ಲ ಅವರನ್ನು ಅಕ್ಕಾರ ಎನ್ನುತ್ತೇವೆ. ಸಂಘ ಕಟ್ಟಲು ಬ್ಯಾಂಕಿಗೂ ಪಂಚಾಯತಿಗೂ ತಿರುಗಿದವರು ಅವರೇ, ರೊಟ್ಟಿ ಕೆಲಸಕ್ಕೆ ತಮ್ಮ ಮನೆಯ ಹಿಂದಿನ ದೊಡ್ಡ ಪಡಸಾಲೆ ಬಿಟ್ಟುಕೊಟ್ಟವರೂ ಅವರೇ. ಅದನ್ನು ಇಲ್ಲವೆನ್ನಲಾರೆ. ಮೊದಮೊದಲು ಅವ್ವನಿಗೆ ಹಿಟ್ಟು ಸಾಣಿಸುವ ಕೆಲಸ, ಅಂಗಳ ಬಳಿಯುವ ಕೆಲಸ ಇತ್ತು. ಆಮೇಲೆ ಬೇಡಿಕೆ ಹೆಚ್ಚಿತು. ಬೇರೆಯವರ ರೊಟ್ಟಿ ಒಣಗುವಾಗ ಸೀಳುತ್ತಿತ್ತು, ದಾರಿಯಲ್ಲಿ ಮುರಿಯುತ್ತಿತ್ತು. ಒಂದು ದಿನ ಬಡಿಯುವವರು ಸಾಲದೆ ಅವ್ವನನ್ನು ಹಲಗೆಯ ಮುಂದೆ ಕೂರಿಸಿದರು. ಅವಳು ಬಡಿದ ರೊಟ್ಟಿ ಹಪ್ಪಳದಂತೆ ತೆಳ್ಳಗೆ, ಅಂಚಿನವರೆಗೂ ಒಂದೇ ಸಮ. ಅಂದಿನಿಂದ ಅವ್ವ ಹಲಗೆಯಿಂದ ಏಳಲಿಲ್ಲ. ಒಳಗಿದ್ದವರಿಗೆಲ್ಲ ಇದು ಗೊತ್ತು. ಹೊರಗೆ ಯಾರೂ ಹೇಳುತ್ತಿರಲಿಲ್ಲ. ಪಾಕೀಟಿನೊಳಗಿನ ರೊಟ್ಟಿಗೆ ಕೇರಿ ಯಾವುದು, ಓಣಿ ಯಾವುದು!

ಪಾಕೀಟಿನ ಮೇಲೆ ಮೊದಲು ಅಂಟಿಸುತ್ತಿದ್ದದ್ದು ಒಂದು ಚೌಕದ ಚೀಟಿ. ಬೇರೆ ಯಾವುದೋ ಊರಿನ ಪ್ರೆಸ್ಸಿನವರು ಇಂಟರ್ನೆಟ್ಟಿನಿಂದ ತೆಗೆದು ಹಾಕಿದ್ದ ಚಿತ್ರ. ನಗುವ ಹೆಂಗಸೊಬ್ಬಳು ನಿಂತುಕೊಂಡು ಲಟ್ಟಣಿಗೆಯಿಂದ ಏನನ್ನೋ ಲಟ್ಟಿಸುತ್ತಿದ್ದಳು. ಜೋಳದ ರೊಟ್ಟಿಯನ್ನು ಲಟ್ಟಣಿಗೆಯಲ್ಲಿ, ಅದೂ ನಿಂತುಕೊಂಡು! ಹಾನಗಲ್ಲಿನ ಅಂಗಡಿಯವರೊಬ್ಬರು ‘ಇದು ಚಪಾತಿ ಸಂಘ ಏನ್ರಿ’ ಎಂದು ಕೇಳಿದರಂತೆ. ಅಕ್ಕಾರಿಗೆ ಅದು ಚುಚ್ಚಿತು. ನನ್ನನ್ನು ಕರೆಸಿ, ನಮ್ಮದೇ ಹೆಂಗಸರ ಚಿತ್ರ ಮಾಡು, ಆಕಾರಕ್ಕೆ ತಕ್ಕಂತೆ ಕತ್ತರಿಸಿದ ಸ್ಟಿಕರ್ ಆಗಲಿ, ದೂರದಿಂದಲೇ ಗುರುತು ಸಿಗಬೇಕು ಎಂದರು. ಗುರುತು ಸಿಗಬೇಕು ಎಂದವರು ಅವರೇ ಎಂಬುದನ್ನು ನೆನಪಿಟ್ಟುಕೊಳ್ಳಿ.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಕೊಟ್ಟ ಆಕಾರದ ಅಂಚು ಹಿಡಿಯಲು ಬರುತ್ತದೆ. ಹಾಗಾಗಿ ನೆರಳು ಹಿಡಿಯೋಣ ಎಂದೆ. ಪಡಸಾಲೆಯ ಎದುರು ಸುಣ್ಣ ಬಳಿದ ಗೋಡೆಯೊಂದಿದೆ, ಬೆಳಗಿನ ಬಿಸಿಲು ಅದಕ್ಕೆ ನೇರವಾಗಿ ಬೀಳುತ್ತದೆ. ಸೂರ್ಯ ಮೇಲೇರಿದರೆ ನೆರಳು ಕೆಳಕ್ಕೆ ಜಗ್ಗಿ ಮನುಷ್ಯರು ವಿಕಾರವಾಗುತ್ತಾರೆ. ಅದಕ್ಕೇ ಹೊತ್ತು ಹುಟ್ಟುತ್ತಿದ್ದಂತೆ ಎಲ್ಲರನ್ನೂ ಬರಹೇಳಿದೆ. ಪುಸ್ತಕಗಳಿಗೆ ಹೊದಿಕೆ ಹಾಕುವ ಖಾಕಿ ಹಾಳೆಗಳನ್ನು ಜೋಡಿಸಿ ಗೋಡೆಗೆ ಅಂಟಿಸಿದೆ. ಒಬ್ಬೊಬ್ಬರನ್ನೇ ಹಲಗೆಯ ಮುಂದೆ, ಗೋಡೆಗೆ ಪಕ್ಕ ಕೊಟ್ಟು, ಆದಷ್ಟು ಹತ್ತಿರ ಕೂರಿಸಿದೆ. ಗೋಡೆಯಿಂದ ದೂರ ಸರಿದರೆ ನೆರಳಿನ ಅಂಚು ಮಸುಕಾಗಿ ಎಲ್ಲಿ ಗೆರೆ ಎಳೆಯಬೇಕೋ ತಿಳಿಯುವುದಿಲ್ಲ.

ಎಲ್ಲರೂ ಫೋಟೋಕ್ಕೆ ಕುಳಿತಂತೆ ಕುಳಿತರು. ಹೊಸ ಸೀರೆ, ಬಿಗಿ ತುರುಬು, ಉಸಿರು ಹಿಡಿದ ಎದೆ. ಕೈಗಳು ಮಾತ್ರ ಹಲಗೆಯ ಮೇಲೆ ಸತ್ತು ಬಿದ್ದಿದ್ದವು. ಅಕ್ಕಾರ ಸ್ವತಃ ಕುಳಿತಾಗ ನೆರಳಿನಲ್ಲಿ ಅವರು ರೊಟ್ಟಿ ಬಡಿಯುವವರಂತಲ್ಲ, ಕಾಗದಕ್ಕೆ ಸಹಿ ಹಾಕುವವರಂತೆ ಕಂಡರು. ಎಲ್ಲರೂ ನಕ್ಕರು, ಅವರೂ ನಕ್ಕರು. ಕೊನೆಗೆ ಅವ್ವ ಬಂದಳು. ಅವಳಿಗೆ ಫೋಟೋಕ್ಕೆ ಕೂರುವುದು ಗೊತ್ತಿಲ್ಲ, ಹಲಗೆ ಕಂಡರೆ ಬಡಿಯುವುದು ಗೊತ್ತು. ಹಿಟ್ಟಿನ ಉಂಡೆ ಇಟ್ಟುಕೊಂಡು ನಿಜವಾಗಿಯೇ ಬಡಿಯತೊಡಗಿದಳು. ಕೈ ಮೇಲಕ್ಕೆ ಹೋದಾಗ ನಾನು ‘ಹಂಗ ಇರು’ ಎಂದೆ. ಕೈ ಅಲ್ಲೇ ನಿಂತಿತು. ಬಾಗಿದ ಬೆನ್ನು, ಮುಂದೆ ಬಂದ ಭುಜ, ಎತ್ತಿದ ಅಂಗೈ. ನಾನು ಸರಸರನೆ ಪೆನ್ಸಿಲ್ ಓಡಿಸಿದೆ.

ಆಮೇಲೆ ಎಲ್ಲ ನೆರಳುಗಳನ್ನೂ ಕತ್ತರಿಸಿ ಪಡಸಾಲೆಯಲ್ಲಿ ಸಾಲಾಗಿ ಹಾಸಿದೆವು. ಯಾರನ್ನೂ ಕೇಳಬೇಕಾಗಲಿಲ್ಲ. ರೊಟ್ಟಿ ಬಡಿಯುತ್ತಿದ್ದದ್ದು ಅದರಲ್ಲಿ ಒಂದೇ. ಎಲ್ಲರೂ ಒಂದೇ ಬಾಯಲ್ಲಿ ಅದೇ ಇರಲಿ ಎಂದರು. ಅವ್ವ ಕಂಬದ ಹಿಂದೆ ನಿಂತು ಸೆರಗಿನೊಳಗೆ ಕೈಯಿಟ್ಟುಕೊಂಡು ತನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ.

ಆ ಹಾಳೆಯ ಅವ್ವನನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ಅಂಗಡಿಗೆ ತಂದೆ. ಸುಕ್ಕು ಹೋಗಲೆಂದು ರಟ್ಟುಗಳ ಅಡಿಯಲ್ಲಿ ಒತ್ತಿಟ್ಟು, ಮರುದಿನ ಬಿಳಿ ಫ್ಲೆಕ್ಸ್ ತುಂಡಿನ ಮೇಲೆ ಹರಡಿ ಗೋಡೆಗೆ ಏರಿಸಿದೆ. ಫೋಟೋ ತೆಗೆಯುವುದರಲ್ಲೂ ಒಂದು ಹದವಿದೆ. ಮೊಬೈಲನ್ನು ಓರೆ ಹಿಡಿದರೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ. ತೀರ ಹತ್ತಿರ ಹೋದರೆ ನಡುಭಾಗ ಉಬ್ಬುತ್ತದೆ. ದೂರ ನಿಂತು, ಚಿತ್ರದ ನಟ್ಟನಡುವಿಗೆ ಸರಿಯಾಗಿ ಹಿಡಿದು ತೆಗೆದೆ. ಕಂಪ್ಯೂಟರಿನಲ್ಲಿ ಅದನ್ನು ಅಪ್ಪಟ ಕಪ್ಪು ಬಿಳಿ ಮಾಡಿ, ತಾನಾಗಿಯೇ ಗೆರೆ ಹಿಡಿಯುವ ಟ್ರೇಸ್ ಬಟನ್ ಒತ್ತಿದೆ.

ಈ ಬಟನ್ನಿನ ಬುದ್ಧಿಯೇ ಹಾಗೆ, ಕಂಡದ್ದನ್ನೆಲ್ಲ ನಂಬುತ್ತದೆ. ಕತ್ತರಿ ಅಲುಗಿ ಮೂಡಿದ ಹಲ್ಲು, ಹಾಳೆಯ ಮಡಿಕೆ, ಅಂಟಿನ ಟೇಪಿನ ಮೂಲೆ ಎಲ್ಲವನ್ನೂ ಅವ್ವನೆಂದೇ ತಿಳಿದು ಗೆರೆಗೆ ಸೇರಿಸಿಬಿಟ್ಟಿತು. ಅಂಚಿನ ತುಂಬ ಇರುವೆ ಮುತ್ತಿದಂತೆ ಚುಕ್ಕಿಗಳು. ನಾವು ಇವನ್ನು ನೋಡ್ ಎನ್ನುತ್ತೇವೆ. ಗೆರೆ ಎಲ್ಲಿ ತಿರುಗಬೇಕೋ ಅಲ್ಲಿ ಇಡುವ ಚುಕ್ಕಿ. ಅವು ಹೆಚ್ಚಾದಷ್ಟೂ ಕತ್ತರಿಸುವ ಬ್ಲೇಡು ತಡವರಿಸುತ್ತದೆ, ಅಂಚು ಗರಗಸದಂತಾಗುತ್ತದೆ. ಅದನ್ನು ಅಳಿಸಿ, ಫೋಟೋವನ್ನು ಹಿಂದೆ ಮಸುಕಾಗಿ ಇಟ್ಟುಕೊಂಡು, ಕೈಯಿಂದಲೇ ಗೆರೆ ಎಳೆಯಲು ಕುಳಿತೆ. ಚುಕ್ಕಿ ರಂಗೋಲಿ ಹಾಕಿದವರಿಗೆ ಇದು ಹೊಸದಲ್ಲ. ಚುಕ್ಕಿ ಕಡಿಮೆ ಇರಬೇಕು, ಸರಿಯಾದ ಜಾಗದಲ್ಲಿರಬೇಕು, ಬಳ್ಳಿ ಅವುಗಳ ನಡುವೆ ಸರಾಗ ಹರಿಯಬೇಕು. ಹಣೆಗೊಂದು, ಮೂಗಿನ ತುದಿಗೊಂದು, ತುರುಬಿನ ಉಬ್ಬಿಗೊಂದು. ಬೆನ್ನಿಗೆ ಮೇಲೊಂದು ಕೆಳಗೊಂದು, ನಡುವೆ ಒಂದೇ ಬಾಗು. ಅವ್ವನ ಬೆನ್ನು ಅಷ್ಟೊಂದು ಬಾಗಿದೆ ಎಂದು ನನಗೆ ಗೊತ್ತಾದದ್ದು ಆ ಗೆರೆಯನ್ನು ಬಾಗಿಸುವ ಹಿಡಿಕೆಯನ್ನು ಎಳೆಯುವಾಗ. ಕಿರುಬೆರಳಿಗೆ ಬಂದಾಗ ಅದರ ಬುಡಕ್ಕೆ ಎರಡು, ತುದಿಗೆ ಒಂದು ಚುಕ್ಕಿ ಇಟ್ಟೆ. ಮೂರೇ ಚುಕ್ಕಿ, ಅವ್ವ ಅವ್ವನಾಗಿಬಿಟ್ಟಳು.

ನಮ್ಮ ಮಾಲೀಕರು ಹುಲಗೂರಿನ ಕಡೆಯ ಹಿರಿಯರು. ಮಷೀನು ಬರುವ ಮೊದಲು ಬ್ಲೇಡಿನಿಂದಲೇ ರೇಡಿಯಂ ಕತ್ತರಿಸಿದವರು. ನನ್ನ ಹಿಂದೆ ನಿಂತು ನೋಡಿ ತಲೆದೂಗಿದರು. ಆಮೇಲೆ ಬೆರಳಿನ ಕಡೆ ತೋರಿಸಿ, ಬೇಟಿ, ಸ್ಟಿಕರಿನ ಅಳತೆಗೆ ಇಳಿಸಿದರೆ ಇದು ನೂಲಿನೆಳೆಯಷ್ಟಾಗುತ್ತದೆ, ಅಂಚಿಗೇ ಕತ್ತರಿಸಿದರೆ ಬಿಡಿಸುವಾಗ ಹರಿಯುತ್ತದೆ, ಉಳಿದರೂ ತುದಿ ಎದ್ದು ಸುರುಳಿಯಾಗುತ್ತದೆ ಎಂದರು. ಮಾತು ಸರಿಯಾಗಿಯೇ ಇತ್ತು. ಅದಕ್ಕೊಂದು ದಾರಿ ಹುಡುಕೋಣ ಎಂದುಕೊಂಡು ಅಷ್ಟಕ್ಕೆ ಬಿಟ್ಟೆ. ಆದರೆ ಅದೇ ದಿನ ಅಕ್ಕಾರ ಅಂಗಡಿಗೆ ಬಂದರು, ಮಾಲೀಕರು ಅದೇ ಮಾತನ್ನು ಅವರಿಗೂ ಹೇಳಿದರು. ಕೇಳಿದ ಅಕ್ಕಾರ ಕಂಪ್ಯೂಟರಿನ ಪರದೆಯನ್ನು ಬಹಳ ಹೊತ್ತು ನೋಡಿದರು. ನಂತರ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು.

“ಮಷೀನಿಗೆ ಆಗೂದಿಲ್ಲಂತ ನಿಮ್ಮ ಮಾಲಕರ ಅಂದಾರ. ಆ ಬೆರಳು ಒಂದು ತಗದುಬಿಡವಾ. ಕೈ ಚಂದ ಕಾಣ್ತೈತಿ.”

“ಬೆರಳು ತಗದ್ರ ಅದು ನಮ್ಮವ್ವನ ಕೈ ಅಲ್ಲಲ್ರಿ ಅಕ್ಕಾರ.”

“ನಿಮ್ಮವ್ವನ ಕೈ ಅಂತ ಯಾರಿಗೆ ಗೊತ್ತಾಗಬೇಕೈತಿ?” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು.

ಮುಂದೆ ಅವರು ಆಡಿದ್ದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಹ ಮಾತು. ನಮ್ಮೂರಿನ ಸುತ್ತಮುತ್ತ ಆ ಬೆರಳು ಎಲ್ಲರಿಗೂ ಪರಿಚಯ, ಚಿಕ್ಕೇರೂರಿನ ಕಡೆ ನಮ್ಮ ನೆಂಟರು ಇದ್ದಾರೆ, ಜನ ಒಂದೇ ತರಹ ಇರುವುದಿಲ್ಲ, ಸಂಘ ಈಗಷ್ಟೇ ಕಾಲೂರಿದೆ, ನನಗೇನೂ ಇಲ್ಲ ಆದರೆ ಮಾರಾಟ ನೋಡಬೇಕಲ್ಲ, ಹೀಗೆ. ಜಾತಿ ಎಂಬ ಎರಡಕ್ಷರ ಅವರ ಬಾಯಿಂದ ಬರಲಿಲ್ಲ. ಅದು ಬಾರದಂತೆ ನೋಡಿಕೊಳ್ಳಲು ಅವರಿಗೆ ಮಷೀನು ಸಿಕ್ಕಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಅಂದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಎದುರಿಗಿದ್ದವರು ಅವ್ವನ ಅನ್ನದ ದಾರಿ. ನೋಡುತ್ತೇನೆ ಎಂದಷ್ಟೇ ಹೇಳಿದೆ. ತೆಗೆಯುವುದಕ್ಕೆ ನೋಡುವುದೇನಿರಲಿಲ್ಲ. ಮೂರು ಚುಕ್ಕಿ ಹಿಡಿದು ಅಳಿಸಿದರೆ ಬೆರಳು ಮಾಯ, ಕೈ ಮಟ್ಟಸ. ಕುಡಗೋಲು ಅರ್ಧ ಮಾಡಿ ಬಿಟ್ಟ ಕೆಲಸವನ್ನು ನನ್ನ ಕೈಯಿಂದ ಮುಗಿಸಿದಂತೆ.

ಮನೆಗೆ ಹೋದಾಗ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅವ್ವ ಒಲೆಯ ಮುಂದೆ ಬದನೆಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ತಗದುಬಿಡು. ಬೆರಳು ನನ್ನ ಕೈಯಾಗ ಇರ್ತೈತಿ, ಚೀಟ್ಯಾಗ ಇಲ್ಲದಿದ್ರ ಏನಾತು. ಹಲಗಿ ಬಿಟ್ಟು ಏಳಂದ್ರ ಏನ್ ಮಾಡ್ಲಿ?”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಕ್ಕಾರ ಮೇಲಲ್ಲ, ಇಷ್ಟು ಬೇಗ ಒಪ್ಪಿಕೊಂಡುಬಿಟ್ಟ ಅವ್ವನ ಮೇಲೆ. ಪಡಸಾಲೆಯ ಕಂಬದ ಹಿಂದೆ ನಿಂತು ತನ್ನ ನೆರಳನ್ನು ನೋಡಿದವಳು ಇವಳೇ ಅಲ್ಲವೇ? ಅಂದು ಕಂಡ ಬೆಳಕನ್ನು ಬದನೆಕಾಯಿಯ ಜೊತೆ ಹೆಚ್ಚಿ ಹಾಕುತ್ತಿದ್ದಾಳಲ್ಲ ಎನಿಸಿತು. ಆದರೆ ಹೆದರಿಕೆ ಸುಳ್ಳಲ್ಲ. ಹಲಗೆ ಹೋದರೆ ಮತ್ತೆ ಕಂಡವರ ಹೊಲದ ಕೂಲಿ. ಅವಳು ಹೆದರಲಿ, ಅದು ಅವಳ ಹಕ್ಕು. ನಾನು ಮಷೀನನ್ನು ಸುಳ್ಳು ಸಾಕ್ಷಿಗೆ ನಿಲ್ಲಿಸುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಬೆರಳು ಬೇಡವೆಂದರೆ ಬೇಡವೆನ್ನಲಿ, ತಮ್ಮ ಬಾಯಿಂದ, ಎಲ್ಲರೆದುರು, ಕಾರಣ ಹೇಳಿ.

ಮಾರನೆಯ ದಿನ ಮಾಲೀಕರಿಗೆ ನಡೆದದ್ದನ್ನು ಹೇಳಿದೆ. ಅವರ ಮುಖ ಸಪ್ಪಗಾಯಿತು. ಕೆಲಸದ ಮಾತು ಅಂತ ಆಡಿದೆ ಬೇಟಿ, ಹೀಗಾಗುತ್ತದೆ ಅಂತ ಗೊತ್ತಿರಲಿಲ್ಲ ಎಂದು ನೊಂದುಕೊಂಡು, ಎಷ್ಟು ಹಾಳೆ ಬೇಕಾದರೂ ತೆಗೆದುಕೋ, ಮಷೀನು ಇವತ್ತು ನಿನ್ನದು ಎಂದರು.

ಛಾಪಿಸುವ ಚಿತ್ರದ ಅಂಚಿನಲ್ಲೇ ಕತ್ತರಿಸಬೇಕೆಂಬ ಕಾನೂನೇನೂ ಇಲ್ಲ. ಕತ್ತರಿಸುವ ಗೆರೆ ಬೇರೆಯೇ ಒಂದು ಗೆರೆ. ಚಿತ್ರದ ಸುತ್ತ ಎಲ್ಲ ಕಡೆಯೂ ಒಂದೇ ಅಂತರ ಬಿಟ್ಟು ಹೊರಗೊಂದು ಬೇಲಿ ಹಾಕಿದರೆ, ಕಪ್ಪು ಆಕೃತಿಯ ಸುತ್ತ ಬಿಳಿ ಅಂಚು ಉಳಿಯುತ್ತದೆ. ನೂಲಿನಂತಹ ಬೆರಳಿಗೆ ಆ ಕಡೆ ಈ ಕಡೆ ಬಿಳಿ ಸೇರಿದಾಗ ಕತ್ತರಿಸುವ ಜಾಗ ಎಳೆಮಗುವಿನ ಬೆರಳಿನಂತೆ ಗುಂಡಗೆ, ದಪ್ಪಗೆ ಆಗುತ್ತದೆ. ಕಣ್ಣಿಗೆ ಕಾಣುವುದು ತೆಳ್ಳನೆಯ ಕಪ್ಪು ಬೆರಳು, ಬ್ಲೇಡಿಗೆ ಸಿಗುವುದು ಗಟ್ಟಿ ಬಿಳಿ ಪಟ್ಟಿ. ಅಂತರ ಎಷ್ಟಿರಬೇಕು ಎಂಬುದೇ ಕೆಲಸ. ಕಡಿಮೆಯಾದರೆ ಬೆರಳು ಮತ್ತೆ ಹರಿಯುತ್ತದೆ. ಹೆಚ್ಚಾದರೆ ಬೆರಳಿಗೂ ಹಣೆಗೂ ನಡುವಿನ ಜಾಗವೆಲ್ಲ ಬಿಳಿಯಿಂದ ತುಂಬಿ ಅವ್ವ ಕಂಬಳಿ ಹೊದ್ದವಳಂತಾಗುತ್ತಾಳೆ. ಸ್ವಲ್ಪ ಸ್ವಲ್ಪ ಏರಿಸಿ ಇಳಿಸಿ ಎರಡು ಮಿಲಿಮೀಟರಿಗೆ ನಿಲ್ಲಿಸಿದೆ.

ತೋಳಿಗೂ ಮೈಗೂ ನಡುವೆ ಒಂದು ಕಿಂಡಿಯಿತ್ತು. ಅದರ ಸುತ್ತ ಒಳಗೊಂದು ಗೆರೆ ತಾನಾಗಿ ಹುಟ್ಟಿಕೊಂಡಿತ್ತು. ಹಾಗೇ ಬಿಟ್ಟರೆ ಬ್ಲೇಡು ಅಲ್ಲಿಯೂ ಹೋಗಿ ತೂತು ಕೊರೆಯುತ್ತದೆ, ಕತ್ತರಿಸುವ ಗೆರೆಯಿಂದ ಅದನ್ನು ತೆಗೆದೆ. ಛಾಪಿನಲ್ಲಿ ಕಿಂಡಿ ಬಿಳಿಯಾಗಿ ಉಳಿದರೆ ಸಾಕು. ಗೆರೆ ಎಲ್ಲಿಯೂ ತನ್ನನ್ನು ತಾನೇ ದಾಟದಂತೆ, ಹೊರಟಲ್ಲಿಗೇ ಬಂದು ಕೂಡುವಂತೆ ನೋಡಿಕೊಂಡೆ. ಚೂಪಾದ ಮೂಲೆಗಳನ್ನು ದುಂಡಗೆ ಮಾಡಿದೆ, ಮೂಲೆ ಚೂಪಾದಷ್ಟೂ ಬೇಗ ಏಳುತ್ತದೆ. ಚಿತ್ರದಲ್ಲಿನ ಹಲಗೆಯ ಮೇಲೆ ಸಂಘದ ಹೆಸರನ್ನು ಬಿಳಿ ಅಕ್ಷರದಲ್ಲಿ ಕೂರಿಸಿದೆ. ಕತ್ತರಿಸುವ ಗೆರೆಯನ್ನು ಛಾಪಿಗೆ ಹೋಗದ ಬೇರೆ ಪದರಿನಲ್ಲಿ, ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಯಾಗಿ ಇಟ್ಟೆ. ಪ್ರಿಂಟಾದ ಹಾಳೆಯ ಮೂಲೆಗಳಲ್ಲಿರುವ ಕಪ್ಪು ಗುರುತುಗಳನ್ನು ಕತ್ತರಿಸುವ ಮಷೀನಿನ ಕಣ್ಣು ಮೊದಲು ಹುಡುಕಿಕೊಳ್ಳುತ್ತದೆ, ಆಮೇಲೆ ಚಿತ್ರ ಎಲ್ಲಿದೆಯೆಂದು ತಿಳಿದು ಕೆಲಸ ಶುರು ಮಾಡುತ್ತದೆ. ಬ್ಲೇಡು ಮೇಲಿನ ಸ್ಟಿಕರನ್ನು ಮಾತ್ರ ಸೀಳಬೇಕು, ಅಡಿಯ ಕಾಗದ ಹಾಗೇ ಉಳಿಯಬೇಕು. ಹಾಫ್ ಕಟ್ ಎಂದರೆ ಇದೇ. ಹಾಳೆಯ ಮೂಲೆಯಲ್ಲೊಂದು ಸಣ್ಣ ಚೌಕ ಕತ್ತರಿಸಿ, ಉಗುರಿನಿಂದ ಎಬ್ಬಿಸಿ ನೋಡಿ, ಬ್ಲೇಡಿನ ಒತ್ತು ಸರಿ ಮಾಡಿಕೊಂಡೆ.

ಮೂರು ತರಹ ಮಾಡಿದೆ. ಬೆರಳಿಲ್ಲದ್ದು ಒಂದು, ಬೆರಳಿನ ಅಂಚಿಗೇ ಕತ್ತರಿಸಿದ್ದು ಒಂದು, ಬಿಳಿ ಬೇಲಿಯದು ಒಂದು. ಮೊದಲನೆಯದನ್ನು ಮಾಡಲು ಮನಸ್ಸಿರಲಿಲ್ಲ, ಆದರೂ ಮಾಡಿದೆ. ಮೂರನ್ನೂ ಎದುರಿಗೆ ಇಡದೆ ನ್ಯಾಯ ಕೇಳಬಾರದು.

ಸಂಘದ ಸಭೆಯ ದಿನ ರಜೆ ಹಾಕಿ ಪಡಸಾಲೆಗೆ ಹೋದೆ. ಅವ್ವ ಬರುವುದಿಲ್ಲ ಎಂದಿದ್ದಳು, ಕೊನೆಗೆ ಬಂದು ಬಾಗಿಲ ಹತ್ತಿರ ಕುಳಿತಿದ್ದಳು. ರೊಟ್ಟಿ ತುಂಬಿದ ಮೂರು ಪಾಕೀಟಿನ ಮೇಲೆ ಮೂರನ್ನೂ ಎಲ್ಲರೆದುರೇ ಅಂಟಿಸಿದೆ. ಅಂಚಿಗೇ ಕತ್ತರಿಸಿದ್ದನ್ನು ಹಿಂದಿನ ಕಾಗದದಿಂದ ಬಿಡಿಸುವಾಗಲೇ ಬೆರಳು ಹರಿದು ಕಾಗದದಲ್ಲೇ ಉಳಿಯಿತು. ಮಾಲೀಕರು ಹೇಳಿದ್ದು ನಿಜ ಎಂದು ನಾನೇ ಹೇಳಿದೆ. ಬಿಳಿ ಬೇಲಿಯದು ಇಡಿಯಾಗಿ ಎದ್ದು ಬಂದು ಇಡಿಯಾಗಿ ಕುಳಿತಿತು. ಪಾಕೀಟನ್ನು ಮುದುರಿದೆ, ಒದ್ದೆ ಕೈಯಿಂದ ಉಜ್ಜಿದೆ, ಪಕ್ಕದವರ ಕೈಗೆ ಕೊಟ್ಟೆ. ಅದು ಕೈಯಿಂದ ಕೈಗೆ ಹೋಗುತ್ತ ಅಕ್ಕಾರ ಮುಂದೆ ಬಂದು ನಿಂತಿತು.

“ಮಷೀನ್ ಆಗ್ತೈತಿ ಅಂತು ಅಕ್ಕಾರ” ಎಂದೆ. “ಇನ್ನ ಆಗೂದಿಲ್ಲ ಅನ್ನೂರು ಯಾರರ ಇದ್ರ, ಮಷೀನಿನ ಹೆಸರು ಬಿಟ್ಟು ಹೇಳ್ರಿ.”

ಹೊರಗೆ ಒಣ ಹಾಕಿದ ರೊಟ್ಟಿಯ ಮೇಲೆ ಕಾಗೆ ಕೂತರೂ ಓಡಿಸಲು ಯಾರೂ ಏಳಲಿಲ್ಲ. ಅವ್ವನ ಕೆಲಸವನ್ನು ನಾನೇ ಕಳೆದೆನೇನೋ ಎಂಬ ಭಯ ಆಗ ಬಂತು, ಮಾತು ಬಾಯಿಂದ ಹೋದ ಮೇಲೆ.

ಮೊದಲು ಬಾಯಿ ಬಿಟ್ಟವರು ರೊಟ್ಟಿ ಒಣಗಿಸುವ ಮುದುಕಿ. ಹೊಲಮನೆ ಇರುವ ದೊಡ್ಡ ಮನೆತನದವರು, ಹಣೆಯ ತುಂಬ ವಿಭೂತಿ ಹಚ್ಚುವವರು. ಅವರು ಯಾರ ಮುಖವನ್ನೂ ನೋಡದೆ ಹೇಳಿದರು.

“ಇಷ್ಟ್ ದಿನಾ ಆಕಿ ಬಡದ ರೊಟ್ಟಿ ಮಾರೇವಿ, ನಮ್ಮ ಮನ್ಯಾಗೂ ಉಂಡೇವಿ. ಕೈ ಬೇಕು, ಬೆರಳು ಬ್ಯಾಡಂದ್ರ ಹೆಂಗವಾ?”

ಅಕ್ಕಾರ ಪಾಕೀಟನ್ನು ತೊಡೆಯ ಮೇಲಿಟ್ಟುಕೊಂಡು, ಸ್ಟಿಕರಿನ ಬೆರಳಿನ ತುದಿಗೆ ಉಗುರು ಹಾಕಿ ಎಬ್ಬಿಸಲು ನೋಡಿದರು. ಏಳಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರು. ಆಗಲೂ ಏಳಲಿಲ್ಲ. ಆಮೇಲೆ ಬಾಗಿಲ ಕಡೆ, ಅವ್ವ ಕುಳಿತಲ್ಲಿಗೆ, ಒಂದು ಸಲ ನೋಡಿ ತಲೆ ತಗ್ಗಿಸಿದರು. “ಏಳವಲ್ದು. ಇದನ್ನ ಛಾಪಸು” ಎಂದರು. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳಲಿಲ್ಲ. ಬೆರಳಿಲ್ಲದ ಪಾಕೀಟನ್ನು ಮಾತ್ರ ತಾವೇ ಒಡೆದು, ಅದರೊಳಗಿನ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ಎಲ್ಲರಿಗೂ ಹಂಚಿದರು. ತಾವೂ ತಿಂದರು.

ಎಲ್ಲವೂ ಹೂವಿನಂತೆ ನಡೆಯಿತು ಎಂದರೆ ಸುಳ್ಳಾದೀತು. ಹತ್ತಿರದ ಊರಿನ ಒಂದು ಅಂಗಡಿಯವರು ಪಾಕೀಟು ನೋಡಿದ ಮೇಲೆ ಜಾಗವಿಲ್ಲ, ಇಲಿ ಕಾಟ ಎಂದು ಏನೇನೋ ಹೇಳಿ ರೊಟ್ಟಿ ತರಿಸುವುದನ್ನು ನಿಲ್ಲಿಸಿದರು. ಅಕ್ಕಾರ ಆ ಮಾತನ್ನು ಅವ್ವನ ಎದುರು ಎತ್ತಲಿಲ್ಲ, ಬೇರೆ ಅಂಗಡಿ ಹುಡುಕಿದರು. ಅದಕ್ಕಾಗಿ ಅವರ ಬಗ್ಗೆ ನನಗೆ ಗೌರವವಿದೆ. ಅವ್ವನ ಹಲಗೆ ಉಳಿಯಿತು. ಕೈ ಸೆರಗಿನೊಳಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಸ್ಟಿಕರಿನಲ್ಲಿ ಬೆರಳು ಎತ್ತಿ ಕುಳಿತವಳು ಬೇರೆ ಯಾರೋ ಎಂಬಂತೆ ಇರುತ್ತಿದ್ದಳು. ಇದರಿಂದ ನನಗೆ ಬೇಸರವಾಗುತ್ತಿತ್ತು. ಗೆರೆಯನ್ನು ನಾನು ಎಳೆಯಬಲ್ಲೆ, ಸೆರಗನ್ನು ಎಳೆಯಲಾರೆ.

ಆಮೇಲೊಮ್ಮೆ ಸವಣೂರಿನಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ನಾವಿಬ್ಬರೂ ಹೊರಟೆವು. ಹೇಗೂ ಹೋಗುತ್ತೀರಲ್ಲ ಎಂದು ಅಕ್ಕಾರ ಅಲ್ಲಿನ ಅಂಗಡಿಗೆ ಕೊಡಲು ಒಂದು ಚೀಲ ಪಾಕೀಟು ಹೊರಿಸಿದರು. ಅಂಗಡಿಯವರು ನಮ್ಮನ್ನು ಅದಕ್ಕೆ ಮೊದಲು ನೋಡಿದವರಲ್ಲ. ಅವ್ವ ಎಡಗೈಯಿಂದ ಚೀಲ ಇಳಿಸಿ, ಬಲಗೈಯನ್ನು ಸೆರಗಿನೊಳಗಿಟ್ಟು ಪಕ್ಕಕ್ಕೆ ನಿಂತಳು. ಅಷ್ಟರಲ್ಲಿ ಕೊಡ ಹಿಡಿದ ಹೆಂಗಸೊಬ್ಬಳು ಬಂದು ಕೇಳಿದಳು.

“ಬೆರಳಿನ ರೊಟ್ಟಿ ಬಂದಾವೇನ್ರಿ?”

ನನಗೆ ಅರ್ಥವಾಗಲಿಲ್ಲ. ಅಂಗಡಿಯವರು ನಗುತ್ತ ಚೀಲದಿಂದ ಒಂದು ಪಾಕೀಟು ತೆಗೆದು ನಮಗೆ ತೋರಿಸಿದರು. ಸಂಘದ ಹೆಸರು ಉದ್ದ, ಯಾರ ಬಾಯಿಗೂ ಬರುವುದಿಲ್ಲ, ಈ ಚಿತ್ರದ ಬೆರಳು ನೋಡಿ ಎಲ್ಲರೂ ಹಾಗೇ ಕೇಳುತ್ತಾರೆ, ಬೇರೆ ಕೊಟ್ಟರೆ ಒಲ್ಲೆ ಎನ್ನುತ್ತಾರೆ ಎಂದರು. ನಾನು ಅವ್ವನ ಕಡೆ ತಿರುಗಿದೆ. ಅವಳು ಪಾಕೀಟನ್ನೇ ನೋಡುತ್ತಿದ್ದಳು. ಸೆರಗು ಅಲುಗಿತು. ಕೈ ಹೊರಗೆ ಬಂತು.

“ಆ ಬೆರಳು ನಂದರಿ” ಎಂದಳು ಅವ್ವ.

ಅಂಗಡಿಯವರು ಸ್ಟಿಕರನ್ನು ನೋಡಿದರು, ಬೆರಳನ್ನು ನೋಡಿದರು, ಮತ್ತೆ ಸ್ಟಿಕರನ್ನು ನೋಡಿದರು. ಹೌದಲ್ಲ ಎಂದು ಬೆರಗಾಗಿ, ನಮ್ಮ ನಾಡಿನಲ್ಲಿ ಯಾರಾದರೂ ಕೇಳುವುದನ್ನೇ ಕೇಳಿದರು. ಯಾವೂರು, ಯಾರ ಪೈಕಿ? ಅವ್ವ ಕಿಟಕಿ ಹುಡುಕುತ್ತಾಳೆ ಎಂದುಕೊಂಡೆ, ಅಲ್ಲಿ ಕಿಟಕಿ ಇರಲಿಲ್ಲ.

“ಹಂಸಭಾವಿ ಹತ್ರದೇರು. ಕೇರಿ ಮಂದಿರಿ ನಾವು. ರೊಟ್ಟಿ ನಾನ ಬಡೀತೇನಿ.”

ಅಂಗಡಿಯವರು ಕೈಯಲ್ಲಿದ್ದ ಪಾಕೀಟನ್ನು ಗಲ್ಲಾದ ಮೇಲೆ ಇಟ್ಟರು. ಆ ಗಳಿಗೆಯಲ್ಲಿ ನಾನು ಆಡಬೇಕಾದ ಮಾತುಗಳನ್ನೆಲ್ಲ ಹಲ್ಲಿನ ಹಿಂದೆ ಸಾಲಾಗಿ ನಿಲ್ಲಿಸಿಕೊಂಡಿದ್ದೆ. ಬೇಕಾಗಲಿಲ್ಲ. ಕೊಡದ ಹೆಂಗಸಿಗೆ ನೀರಿನ ಅವಸರವಿತ್ತು. ನಲ್ಲಿ ಹೋಗುತ್ತದೆ, ಬೇಗ ಕೊಡಿ ಎಂದು ಕೈ ಚಾಚಿದಳು. ಅವ್ವ ಚೀಲದಿಂದ ಇನ್ನೊಂದು ಪಾಕೀಟು ತೆಗೆದು ಬಲಗೈಯಿಂದಲೇ ಕೊಟ್ಟಳು. ಅವಳು ಅವ್ವನ ಕೈಯಿಂದಲೇ ತೆಗೆದುಕೊಂಡು, ಕೊಡ ಸೊಂಟಕ್ಕೇರಿಸಿ ಹೊರಟುಹೋದಳು. ಅಂಗಡಿಯವರು ಹಣ ಗಲ್ಲಾಕ್ಕೆ ಹಾಕಿ, ಕುಂತ್ರಿ, ಚಹಾ ತರಿಸುತ್ತೇನೆ ಎಂದು ಎರಡು ಸ್ಟೂಲು ಒರೆಸಿ ಇಟ್ಟರು.

ಸಂಜೆ ಊರಿಗೆ ಮರಳುವಾಗ ಹಾನಗಲ್ಲಿನ ಬಸ್ಸು ತುಂಬಿತ್ತು, ನಿಲ್ಲಲು ಮಾತ್ರ ಜಾಗ ಸಿಕ್ಕಿತು. ಅವ್ವ ಬಲಗೈ ಎತ್ತಿ ಮೇಲಿನ ಸರಳು ಹಿಡಿದಳು. ನಾಲ್ಕು ಬೆರಳು ಸರಳಿನ ಸುತ್ತ, ಕಿರುಬೆರಳು ನೇರವಾಗಿ ಮೇಲಕ್ಕೆ. ಸುತ್ತ ನಿಂತವರೆಲ್ಲ ನೋಡಬಹುದಿತ್ತು, ಕೆಲವರು ನೋಡಿದರು. ಹಾನಗಲ್ ಬರುವವರೆಗೂ ಅವ್ವ ಕೈ ಇಳಿಸಲಿಲ್ಲ.